ತಾರಸಿ ಮೇಲೆ ಬಿಟ್ಟ ಕಂಬಿ ಸಾಕಾ? ಪಿಲ್ಲರ್, ಬೀಮ್‌ಗಳಲ್ಲಿ ಲ್ಯಾಪ್ ಮತ್ತು ಕವರ್ ದೋಷ ಹುಡುಕುವ ಬಗೆ

ನಮ್ಮ ಊರುಗಳಲ್ಲಿ ಯಾವ ತಾರಸಿ ಹತ್ತಿ ನೋಡಿದರೂ ಪಿಲ್ಲರ್ ಕಂಬಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಮುಂದೆ ದುಡ್ಡಾದಾಗ ಮೇಲೊಂದು ಮನೆ ಕಟ್ಟೋಣ ಅಂತ ಬಿಟ್ಟಿದ್ದು. ಹತ್ತು ವರ್ಷ ಕಳೆದು ದುಡ್ಡಾಗುತ್ತದೆ, ಮೇಸ್ತ್ರಿ ಬರುತ್ತಾರೆ, ಹೊಸ ಕಂಬಿಯನ್ನು ಹಳೇ ಕಂಬಿಗೆ ಬೈಂಡಿಂಗ್ ವೈರ್‌ನಲ್ಲಿ ಸುತ್ತಿ ಕೆಲಸ ಶುರು ಮಾಡುತ್ತಾರೆ. ಲ್ಯಾಪ್ ಮತ್ತು ಕವರ್ ಎರಡರ ತಪ್ಪೂ ಇಲ್ಲೇ ಒಟ್ಟಿಗೆ ಕಾಣಿಸುತ್ತದೆ. ಅದಕ್ಕೇ ಇಂಥ ಒಂದು ಮನೆಯನ್ನೇ ಹಿಡಿದುಕೊಂಡು ಹೇಳುತ್ತೇನೆ.

ನಾನು ನೋಡಲು ಹೋದದ್ದು ಒಂದಂತಸ್ತಿನ ಮನೆ. ಒಂಬತ್ತು ಪಿಲ್ಲರ್, ಎಲ್ಲವೂ ಒಂದು ಬದಿ 9 ಇಂಚು, ಇನ್ನೊಂದು ಬದಿ 12 ಇಂಚಿನವು, ಅಂದರೆ 230 ಮಿ.ಮೀ., 300 ಮಿ.ಮೀ. ಪ್ರತಿಯೊಂದರಲ್ಲೂ 16 ಮಿ.ಮೀ. ಕಂಬಿ ನಾಲ್ಕು, ಸುತ್ತ 8 ಮಿ.ಮೀ. ರಿಂಗು. ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಕಂಬಿ ಒಂದೂವರೆ ಅಡಿ ಬಿಟ್ಟಿದ್ದಾರೆ, ಸಾಕಲ್ವಾ?" ಹೋಗಿ ನೋಡಿದರೆ ದೋಷ ಮೂರಿತ್ತು. ಕಂಬಿ ಗಿಡ್ಡ ಇತ್ತು. ಒಂದು ಮೂಲೆ ಪಿಲ್ಲರಿನ ಕಂಬಿ ಜಾಗ ಬಿಟ್ಟು ಹೊರಗೆ ಸರಿದಿತ್ತು. ಕೆಳಗಿನ ಬಾಲ್ಕನಿ ಬೀಮಿನ ಅಡಿಯಲ್ಲಿ ಉದ್ದಕ್ಕೂ ಕಂದು ಗೆರೆ ಬಿದ್ದಿತ್ತು.

ಮೊದಲು ಎರಡು ಮಾತು ಸ್ಪಷ್ಟವಾಗಲಿ

ಎರಡು ಕಂಬಿಯನ್ನು ಅಕ್ಕಪಕ್ಕ ಇಟ್ಟು ಕಾಂಕ್ರೀಟ್ ಹಾಕಿದಾಗ, ಒಂದರ ಬಲ ಇನ್ನೊಂದಕ್ಕೆ ಹೋಗುವುದು ಬೈಂಡಿಂಗ್ ವೈರ್‌ನಿಂದಲ್ಲ. ಆ ವೈರ್ ಕಾಂಕ್ರೀಟ್ ಹಾಕುವ ತನಕ ಕಂಬಿ ಅಲ್ಲಾಡದಂತೆ ಹಿಡಿಯುತ್ತದೆ, ಅಷ್ಟೇ. ನಿಜವಾದ ಕೆಲಸ ಮಾಡುವುದು ಕಂಬಿಯ ಮೈಮೇಲಿನ ಏಣುಗಳು ಮತ್ತು ಅವನ್ನು ಕಚ್ಚಿ ಹಿಡಿದ ಕಾಂಕ್ರೀಟ್. ಕೆಳಗಿನ ಕಂಬಿ ತನ್ನ ಬಲವನ್ನು ಕಾಂಕ್ರೀಟಿಗೆ ಕೊಡುತ್ತದೆ, ಕಾಂಕ್ರೀಟ್ ಅದನ್ನು ಪಕ್ಕದ ಕಂಬಿಗೆ ದಾಟಿಸುತ್ತದೆ. ಹಾಗೆ ಪೂರ್ತಿ ದಾಟಲು ಬೇಕಾದ ಉದ್ದವೇ ಲ್ಯಾಪ್.

ಕವರ್ ಅಂದರೆ ಕಾಂಕ್ರೀಟಿನ ಹೊರ ಮೈಯಿಂದ ಅತಿ ಹೊರಗಿರುವ ಕಂಬಿಯ ತನಕದ ದಪ್ಪ. ಅತಿ ಹೊರಗಿರುವುದು ರಿಂಗು, ಮುಖ್ಯ ಕಂಬಿಯಲ್ಲ. ಹಳೆಯ ಕಾಲದ ಮೇಸ್ತ್ರಿಗಳು ಮುಖ್ಯ ಕಂಬಿಯಿಂದ ಅಳೆಯುತ್ತಾರೆ, ಯಾಕೆಂದರೆ ಕಾಂಕ್ರೀಟ್ ಕೆಲಸದ ಭಾರತೀಯ ನಿಯಮವಾದ ಐಎಸ್ 456ರ 1978ರ ಆವೃತ್ತಿಯಲ್ಲಿ ಲೆಕ್ಕ ಹಾಗೇ ಇತ್ತು. 2000ದ ಆವೃತ್ತಿಯಲ್ಲಿ ರಿಂಗಿನ ಹೊರಮೈಯಿಂದ ಅಳೆಯಬೇಕು. ಇನ್ನೊಂದು ಮಾತು: ಪ್ಲಾಸ್ಟರ್ ಕವರ್ ಅಲ್ಲ. "ಹೇಗೂ ಮೇಲೆ ಗಾರೆ ಬರುತ್ತಲ್ಲ" ಅನ್ನುವ ಮಾತು ಕೇಳಿದರೆ ಅಲ್ಲೇ ಕೆಲಸ ನಿಲ್ಲಿಸಿ ಟೇಪ್ ತೆಗೆಯಿರಿ.

ಮೊದಲ ದೋಷ: ಕಂಬಿ ಗಿಡ್ಡ

ಸ್ಲ್ಯಾಬಿನ ಮೇಲ್ಮೈಯಿಂದ ಕಂಬಿಯ ತುದಿವರೆಗೆ ಟೇಪ್ ಹಿಡಿದೆ. 450 ಮಿ.ಮೀ., ಕೆಲವು ಕಡೆ 470. ಕಂಬಿಯ ದಪ್ಪ 16. ಭಾಗಿಸಿದರೆ ಸುಮಾರು 28 ಪಟ್ಟು. ಎಷ್ಟು ಬೇಕಿತ್ತು?

"ಐವತ್ತು ಡಿ ಬಿಡಿ" ಅನ್ನುವುದು ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಕಂಬಿ ದಪ್ಪದ ಐವತ್ತು ಪಟ್ಟು. ಈ ಲೆಕ್ಕ ಸುಳ್ಳಲ್ಲ, ಆದರೆ ಎಲ್ಲ ಕಡೆಗೂ ಸರಿಯಲ್ಲ. ಯಾಕೆ ಅಂತ ಈ ಚಿಕ್ಕ ಸೂತ್ರದಿಂದ ಗೊತ್ತಾಗುತ್ತದೆ. ಇದರಲ್ಲಿ Ld ಅಂದರೆ ಬೇಕಾದ ಉದ್ದ, φ ಕಂಬಿಯ ದಪ್ಪ, fy ಕಂಬಿಯ ಬಲ, τbd ಕಾಂಕ್ರೀಟಿನ ಹಿಡಿತ. M20, M25 ಕಾಂಕ್ರೀಟಿನ ದರ್ಜೆ, Fe 415, Fe 500 ಕಂಬಿಯ ದರ್ಜೆ:

```
Ld = φ × 0.87 fy / (4 × τbd)

M20, Fe 415 : 361 / (4 × 1.92) = 47 φ
M20, Fe 500 : 435 / (4 × 1.92) = 57 φ
M25, Fe 500 : 435 / (4 × 2.24) = 49 φ
```

ಓರೆ ಗೀಟಿನ ಎಡಗಡೆಯ ಅಂಕಿ ಕಂಬಿ ಎಷ್ಟು ಬಲ ಹೊರಬಲ್ಲದು ಅನ್ನುವುದು, ಬಲಗಡೆಯದು ಕಾಂಕ್ರೀಟ್ ಎಷ್ಟು ಬಿಗಿಯಾಗಿ ಹಿಡಿಯಬಲ್ಲದು ಅನ್ನುವುದು. ಕಂಬಿ ಗಟ್ಟಿಯಾದಷ್ಟೂ ಲ್ಯಾಪ್ ಉದ್ದ ಬೇಕು. ಕಾಂಕ್ರೀಟ್ ಗಟ್ಟಿಯಾದಷ್ಟೂ ಕಡಿಮೆ ಸಾಕು. ಎಫ್‌ಇ 415 ಕಂಬಿಗೆ ಎಂ20 ಕಾಂಕ್ರೀಟ್ ಹಾಕಿದಾಗ ಐವತ್ತು ಪಟ್ಟು ಸಾಕಾಗಿತ್ತು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎಫ್‌ಇ 500. ಕಾಂಕ್ರೀಟ್ ಮಾತ್ರ ಅದೇ ಎಂ20 ಆಗಿ ಉಳಿದರೆ 57 ಪಟ್ಟು ಬೇಕು. ಕಂಬಿ ಬದಲಾಯಿತು, ಬಾಯಿಲೆಕ್ಕ ಬದಲಾಗಲಿಲ್ಲ.

ಬರೀ ಒತ್ತಡದಲ್ಲಿರುವ ಕಂಬಿಗೆ ಇದಕ್ಕಿಂತ ಕಡಿಮೆ ಲ್ಯಾಪ್ ಸಾಕು. ಎಂ25, ಎಫ್‌ಇ 500 ಆದರೆ ಸುಮಾರು 39 ಪಟ್ಟು. ಪಿಲ್ಲರ್ ಭಾರ ಹೊರುತ್ತದೆ, ಹಾಗಾಗಿ ಒತ್ತಡದ ಲೆಕ್ಕವೇ ಸಾಕು ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಮೂಲೆ ಪಿಲ್ಲರ್ ಬಾಗುತ್ತದೆ, ಗಾಳಿ ಮತ್ತು ಭೂಕಂಪದಲ್ಲಿ ಒಂದು ಬದಿಯ ಕಂಬಿ ಎಳೆತಕ್ಕೆ ಬೀಳುತ್ತದೆ. ಭೂಕಂಪದ ವಿವರಗಳ ಐಎಸ್ 13920 ಕೂಡ ಪಿಲ್ಲರ್ ಲ್ಯಾಪಿಗೆ ಎಳೆತದ ಉದ್ದವನ್ನೇ ಕೇಳುತ್ತದೆ. ಸಾಲದ್ದಕ್ಕೆ ಆ ಲ್ಯಾಪ್ ಪಿಲ್ಲರಿನ ಎತ್ತರದ ನಡುವಿನ ಅರ್ಧ ಭಾಗದಲ್ಲೇ ಇರಬೇಕು, ಅಲ್ಲಿ ರಿಂಗುಗಳು 100 ಮಿ.ಮೀ.ಗಿಂತ ದೂರ ಇರಬಾರದು, ಒಂದೇ ಮಟ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಂಬಿ ಜೋಡಿಸಬಾರದು ಅನ್ನುತ್ತದೆ. ತಾರಸಿ ಕಂಬಿಯ ಲ್ಯಾಪ್ ಸ್ಲ್ಯಾಬ್ ಮೇಲೆಯೇ ಶುರುವಾಗುವುದರಿಂದ ಆ ನಿಯಮ ಅನ್ವಯಿಸುವ ಕಡೆ ಇಡೀ ಪದ್ಧತಿಯೇ ತಪ್ಪು.

ಈಗ ನಮ್ಮ ಮನೆಗೆ ಬರೋಣ. ಹಳೇ ಕಾಂಕ್ರೀಟ್ ಎಂ20, ಅದಕ್ಕೇನು ಮಾಡಲಾಗದು. ಆದರೆ ಲ್ಯಾಪ್ ಕೂರುವುದು ಹಳೆಯದರಲ್ಲಲ್ಲ, ಹೊಸ ಪಿಲ್ಲರಿನ ಕಾಂಕ್ರೀಟಿನಲ್ಲಿ. ಮೇಲಿನ ಪಿಲ್ಲರಿಗೆ ಎಂ25 ಹಾಕಿದರೆ 49 ಪಟ್ಟು, ಅಂದರೆ 784 ಮಿ.ಮೀ. ಸಾಕು. ಎಂ20 ಹಾಕಿದರೆ 912. ಇರುವುದು 450. ಹೇಗೆ ಲೆಕ್ಕ ಹಾಕಿದರೂ ಗಿಡ್ಡವೇ. ಎಂ25 ಹಾಕಿದರೂ ಕಂಬಿಯ ಪೂರ್ತಿ ಬಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ದಾಟುತ್ತದೆ.

ಉದ್ದ ಅಳೆದಾದ ಮೇಲೆ ತುಕ್ಕನ್ನೂ ಅಳೆಯಬೇಕು. ವೈರ್ ಬ್ರಶ್‌ನಲ್ಲಿ ಉಜ್ಜಿ. ಕಂದು ಪುಡಿ ಹೋಗಿ ಏಣುಗಳು ಚೂಪಾಗಿ ಕಂಡರೆ ತೊಂದರೆಯಿಲ್ಲ, ತೆಳುವಾದ ತುಕ್ಕು ಹಿಡಿತವನ್ನು ಕೆಡಿಸುವುದಿಲ್ಲ. ಹಾಳೆ ಹಾಳೆಯಾಗಿ ಎದ್ದು ಬಂದರೆ, ಗುಳಿ ಬಿದ್ದಿದ್ದರೆ ವರ್ನಿಯರ್ ಹಿಡಿಯಿರಿ. 16 ಇದ್ದದ್ದು 15 ಆಗಿದ್ದರೆ ನೂರರಲ್ಲಿ 12 ಪಾಲು ಉಕ್ಕು ಹೋಯಿತು. 14 ಆಗಿದ್ದರೆ 23 ಪಾಲು. ಅತಿ ಹೆಚ್ಚು ಸವೆದಿರುವುದು ತುದಿಯಲ್ಲಲ್ಲ, ಸ್ಲ್ಯಾಬಿಗೆ ತಾಗಿದ ಬುಡದಲ್ಲಿ. ಮಳೆನೀರು ನಿಲ್ಲುವುದು ಅಲ್ಲೇ. ನಮ್ಮ ಮನೆಯಲ್ಲಿ ಬುಡದಲ್ಲಿ 15.5 ಇತ್ತು, ಪರವಾಗಿಲ್ಲ ಅನ್ನಿಸಿತು.

ಪರಿಹಾರ ಏನು? ಕಾಂಕ್ರೀಟ್ ಒಡೆದು ಕೆಳಗೆ ಇನ್ನಷ್ಟು ಕಂಬಿ ಬಿಡಿಸೋಣ ಅಂತ ಮೇಸ್ತ್ರಿ ಹೇಳಿದರು. ಅದು ಬೇಡ. ಅಲ್ಲಿ ಒಡೆಯುವುದು ಪಿಲ್ಲರೂ ಬೀಮೂ ಸೇರುವ ಗಂಟನ್ನು, ಇಡೀ ಮನೆಯಲ್ಲಿ ಮುಟ್ಟಬಾರದ ಜಾಗ ಅದು. ವೆಲ್ಡಿಂಗ್ ಮಾಡೋಣ ಅಂದರು. ಹಳೇ ಕಂಬಿ ಯಾವ ಜಾತಿಯದು, ವೆಲ್ಡಿಂಗ್ ತಡೆಯುತ್ತದಾ ಅಂತ ಗೊತ್ತಿಲ್ಲದೆ ಗೇಟ್ ಮಾಡುವವರನ್ನು ಕರೆಸಿ ಬೆಸುಗೆ ಹಾಕಿಸಿದರೆ ಕಂಬಿ ಅಲ್ಲೇ ಪೆಡಸಾಗಿ ಮುರಿಯಬಹುದು. ಕೆಮಿಕಲ್ ಆಂಕರಿಂಗ್ ಅಂದರೆ, ಹಳೇ ಪಿಲ್ಲರಿಗೆ ರಂಧ್ರ ಕೊರೆದು ಎಪಾಕ್ಸಿ ತುಂಬಿ ಹೊಸ ಕಂಬಿ ನೆಡುವುದು. ಆ ಹೊಸ ಕಂಬಿ ಕೂಡ ಹಳೇ ಕಂಬಿಯ ಪಕ್ಕ ಪೂರ್ತಿ ಲ್ಯಾಪಿನ ಆಳಕ್ಕೆ ಇಳಿಯಬೇಕು. ಬೀಮ್ ಕಂಬಿಗಳ ನಡುವೆ ಅಷ್ಟು ಆಳ ನೇರವಾಗಿ ಕೊರೆಯುವುದು ಕಷ್ಟ. ನಾಲ್ಕಿಂಚು ಕೊರೆದು ಎಪಾಕ್ಸಿ ಹಾಕಿ ಮುಗಿಸಿದರೆ ಅದು ಬರೀ ಸಮಾಧಾನ.

ನಾವು ಹಾಕಿದ್ದು ಬೋಲ್ಟ್ ಕಪ್ಲರ್. ದಪ್ಪ ಉಕ್ಕಿನ ಕೊಳವೆ, ಎರಡೂ ಕಂಬಿಯ ತುದಿ ಅದರೊಳಗೆ ಬಂದು ಸೇರುತ್ತದೆ, ಬೋಲ್ಟ್‌ಗಳು ಕಂಬಿಯನ್ನು ಕಚ್ಚುತ್ತವೆ. ಹಳೇ ಕಂಬಿಗೆ ತಿರುಪಿನ ಮರೆ ಕೊರೆಯುವ ಅಗತ್ಯ ಇಲ್ಲ ಅನ್ನುವುದೇ ಇದರ ಲಾಭ. ಕಪ್ಲರುಗಳಿಗೆ ಐಎಸ್ 16172 ಇದೆ, ಅದರಂತೆ ಪರೀಕ್ಷೆಯಾದ ಕಾಗದ ಕೇಳಿ ತೆಗೆದುಕೊಳ್ಳಬೇಕು. ನಾಲ್ಕೂ ಒಂದೇ ಮಟ್ಟದಲ್ಲಿ ಬರದಂತೆ ಎದುರುಬದುರಿನ ಎರಡನ್ನು ಕೆಳಗೆ, ಎರಡನ್ನು ಮೇಲೆ ಹಾಕಿದೆವು. ಕೆಳಗೆ ಬರಬೇಕಾದ ಕಡೆ ಹಳೇ ಕಂಬಿಯ ಮೇಲಿನ ಭಾಗ ಕತ್ತರಿಸಿದೆವು. ಕಪ್ಲರ್ ಕಂಬಿಗಿಂತ ದಪ್ಪ, ಹಾಗಾಗಿ ರಿಂಗನ್ನು ಅದರ ಮೈಮೇಲೆ ಹತ್ತಿಸದೆ ಅದಕ್ಕಿಂತ ಮೇಲಕ್ಕೂ ಕೆಳಕ್ಕೂ ಕಟ್ಟಿದೆವು. ಹತ್ತಿಸಿದ್ದರೆ ರಿಂಗು ಹೊರಗೆ ಉಬ್ಬಿ ಕವರ್ ತಿಂದುಬಿಡುತ್ತಿತ್ತು.

ಇದೆಲ್ಲ ಮಾಡುವ ಮೊದಲು ಪಾಯ ಮತ್ತು ಕೆಳಗಿನ ಪಿಲ್ಲರ್ ಇನ್ನೊಂದು ಮಹಡಿ ಹೊರುತ್ತವಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿರಬೇಕು. ಅದಿಲ್ಲದೆ ಕಂಬಿ ಮಾತ್ರ ಸರಿ ಮಾಡಿ ಪ್ರಯೋಜನವಿಲ್ಲ.

ಎರಡನೇ ದೋಷ: ಸರಿದ ಕಂಬಿ

ಮೂಲೆ ಪಿಲ್ಲರಿನಲ್ಲಿ ಎರಡು ಕಂಬಿ ಹೊರಗೋಡೆಯ ಕಡೆಗೆ ಸರಿದಿದ್ದವು. ಬರಿಗಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಕೆಳಗಿನ ಪಿಲ್ಲರಿನ ಹೊರ ಅಂಚಿಗೆ ತೂಗುಗುಂಡು ಬಿಟ್ಟು, ಅದೇ ಗೆರೆಯನ್ನು ತಾರಸಿ ಮೇಲೆ ಚಾಕ್‌ನಲ್ಲಿ ಎಳೆದೆ. ಆ ಗೆರೆಯಿಂದ ಕಂಬಿಯ ಹೊರಮೈಗೆ ಇರಬೇಕಾದದ್ದು 48 ಮಿ.ಮೀ. (40 ಕವರ್, 8 ರಿಂಗು). ಇದ್ದದ್ದು 23. ಅಂದರೆ 25 ಮಿ.ಮೀ., ಸರಿಯಾಗಿ ಒಂದಿಂಚು ಸರಿದಿದೆ. ರಿಂಗು ಹಾಕಿದರೆ ಉಳಿಯುವ ಕವರ್ ಬರೀ 15.

ಪಿಲ್ಲರಿಗೆ 40 ಮಿ.ಮೀ. ಕವರ್ ಬೇಕು. 200 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಪಿಲ್ಲರಿನಲ್ಲಿ 12 ಮಿ.ಮೀ. ಮೀರದ ಕಂಬಿ ಇದ್ದರೆ ಮಾತ್ರ 25ಕ್ಕೆ ಇಳಿಸಬಹುದು. ಕವರ್ ಹೇಳಿದ್ದಕ್ಕಿಂತ 10 ಮಿ.ಮೀ. ಜಾಸ್ತಿಯಾದರೆ ನಿಯಮ ಒಪ್ಪುತ್ತದೆ, ಒಂದು ಮಿ.ಮೀ. ಕಡಿಮೆಯಾದರೂ ಒಪ್ಪುವುದಿಲ್ಲ.

ಯಾಕೆ ಸರಿಯಿತು? ಹಳೇ ಸ್ಲ್ಯಾಬ್ ಹಾಕುವಾಗ ಮೇಲೆ ಬಿಟ್ಟ ಕಂಬಿಗೆ ಒಂದು ರಿಂಗೂ ಕಟ್ಟಿರಲಿಲ್ಲ. ಬಾಂಡ್ಲಿ ಹೊತ್ತವರು ಅದನ್ನೇ ಹಿಡಿದು ದಾಟಿದ್ದಾರೆ, ವೈಬ್ರೇಟರ್ ತಾಗಿದೆ, ಕಾಂಕ್ರೀಟ್ ಗಟ್ಟಿಯಾಗುವಾಗ ಕಂಬಿ ಎಲ್ಲಿತ್ತೋ ಅಲ್ಲೇ ನಿಂತಿದೆ.

ಇಲ್ಲಿ ಲ್ಯಾಪಿಗೂ ಕವರ್‌ಗೂ ಇರುವ ನಂಟು ನೋಡಿ. ಎಳೆತದಲ್ಲಿರುವ ಮೂಲೆ ಕಂಬಿಯ ಮೇಲಿನ ಕಾಂಕ್ರೀಟ್ ಕಂಬಿ ದಪ್ಪದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಲ್ಯಾಪನ್ನು 1.4 ಪಟ್ಟು ಮಾಡಬೇಕು ಅನ್ನುತ್ತದೆ ಐಎಸ್ 456. 16ರ ಎರಡು ಪಟ್ಟು 32. ಇಲ್ಲಿ ಇರುವುದು 23. ಹಾಗಾಗಿ ಲ್ಯಾಪ್ ಹಾಕುವುದಾದರೆ 784 ಸಾಲದು, 1098 ಬೇಕು. ಕಾರಣ ಸರಳ: ಕಂಬಿಯ ಏಣುಗಳು ಕಾಂಕ್ರೀಟನ್ನು ಸುತ್ತಲೂ ಹೊರಗೆ ತಳ್ಳುತ್ತವೆ. ಹೊರಗೆ ದಪ್ಪ ಇಲ್ಲದಿದ್ದರೆ ಮೂಲೆ ಸೀಳುತ್ತದೆ, ಸೀಳಿದ ಮೇಲೆ ಹಿಡಿತ ಇಲ್ಲ. ಪಕ್ಕಪಕ್ಕದ ಎರಡು ಲ್ಯಾಪಿನ ನಡುವೆ 75 ಮಿ.ಮೀ. ಅಥವಾ ಕಂಬಿ ದಪ್ಪದ ಆರು ಪಟ್ಟು, ಯಾವುದು ದೊಡ್ಡದೋ ಅಷ್ಟು ಬಿಡುವಿಲ್ಲದಿದ್ದರೂ ಇದೇ 1.4 ಬೀಳುತ್ತದೆ. ಅದಕ್ಕೇ 9 ಇಂಚಿನ ಪಿಲ್ಲರಿನಲ್ಲಿ ಜೋಡಿ ಕಂಬಿಯನ್ನು 12 ಇಂಚಿನ ಬದಿಯ ಗುಂಟ ಇಡಬೇಕು. 9 ಇಂಚಿನ ಕಡೆ ಒಳಕ್ಕೆ ಇಟ್ಟರೆ ನಡುವೆ 70 ಮಿ.ಮೀ. ಮಾತ್ರ ಉಳಿಯುತ್ತದೆ.

ಇಂಥ ಕಂಬಿಗೆ ಮೇಸ್ತ್ರಿಗಳ ಔಷಧಿ ಒಂದೇ, ಉದ್ದನೆ ಪೈಪ್ ತೂರಿಸಿ ಬುಡದಲ್ಲೇ ಒಳಕ್ಕೆ ಎಳೆಯುವುದು. ಬುಡದಲ್ಲಿ ಗಕ್ಕನೆ ಬಗ್ಗಿದ ಕಂಬಿಗೆ ಮೇಲಿಂದ ಭಾರ ಬಿದ್ದಾಗ ಅದು ನೇರ ಇಳಿಯದೆ ಹೊರಕ್ಕೆ ತಳ್ಳುತ್ತದೆ. ಕಂಬಿ ಬಗ್ಗಿಸಲೇಬೇಕಾದರೆ ಇಳಿಜಾರು ಆರಕ್ಕೆ ಒಂದಕ್ಕಿಂತ ಕಡಿದಾಗಬಾರದು: 25 ಮಿ.ಮೀ. ಸರಿಸಲು 150 ಮಿ.ಮೀ. ಉದ್ದ ಬೇಕು. ಬಗ್ಗಿದ ಕಡೆ ರಿಂಗು ಒತ್ತಾಗಿ ಇರಬೇಕು. ಅದೂ ಕಂಬಿಯನ್ನು ಅಚ್ಚಿನಲ್ಲಿ ಇಡುವ ಮೊದಲೇ ಬಗ್ಗಿಸಿರಬೇಕು ಅನ್ನುತ್ತದೆ ನಿಯಮ. ಹತ್ತು ವರ್ಷ ಮಳೆಯಲ್ಲಿ ನಿಂತ ಕಂಬಿಯನ್ನು ಈಗ ಬಗ್ಗಿಸುವ ಧೈರ್ಯ ನನಗಿರಲಿಲ್ಲ.

ಕಂಬಿ ಇದ್ದಲ್ಲೇ ಇರಲಿ, ಪಿಲ್ಲರೇ ಅದರ ಕಡೆಗೆ ಬರಲಿ ಅಂತ ತೀರ್ಮಾನಿಸಿದೆವು. ಆ ಒಂದು ಪಿಲ್ಲರಿನ ಹೊರಮೈಯನ್ನು 25 ಮಿ.ಮೀ. ಹೊರಗೆ ತಂದು 255 ಮಾಡಿಸಿದೆವು, ಇಡೀ ಮಹಡಿಯ ಎತ್ತರಕ್ಕೂ. ಆ ಬದಿಯ ಪ್ಲಾಸ್ಟರಿನಲ್ಲಿ ಸಣ್ಣ ಪಟ್ಟಿಯಂತೆ ಕಾಣುತ್ತದೆ. ಮನೆಯವರಿಗೆ ಅದು ಅಷ್ಟು ಇಷ್ಟವಾಗಲಿಲ್ಲ, ಆಮೇಲೆ ಉಳಿದ ಮೂಲೆಗಳಿಗೂ ಹಾಗೇ ಪಟ್ಟಿ ಕೊಟ್ಟು ಡಿಸೈನ್ ಅಂದುಬಿಟ್ಟರು.

ಹೊಸ ಪಿಲ್ಲರುಗಳಲ್ಲಿ ಕವರ್ ಕೆಡದಿರಲು ಮೊದಲು ನೋಡಬೇಕಾದದ್ದು ರಿಂಗಿನ ಅಳತೆ. 230ರ ಪಿಲ್ಲರಿಗೆ ಎರಡೂ ಕಡೆ 40 ಬಿಟ್ಟರೆ ರಿಂಗಿನ ಹೊರ ಅಳತೆ 150, 300ರ ಕಡೆ 220. ಆ ಸೈಟಿಗೆ ಬಂದಿದ್ದ ರೆಡಿಮೇಡ್ ರಿಂಗು 7 ಇಂಚಿನದು, 178 ಮಿ.ಮೀ. ಸರಿಯಾಗಿ ನಡುವೆ ಕೂರಿಸಿದರೂ ಬದಿಗೆ 26 ಮಾತ್ರ ಉಳಿಯುತ್ತದೆ. ಎಷ್ಟು ಕವರಿಂಗ್ ಬ್ಲಾಕ್ ಕಟ್ಟಿದರೂ ತಪ್ಪು ರಿಂಗು ಸರಿಯಾಗುವುದಿಲ್ಲ. ವಾಪಸ್ ಕಳಿಸಿದೆವು.

ಮೂರನೇ ದೋಷ: ಬೀಮಿನ ಅಡಿಯ ಗೆರೆ

ಕಂಬಿಯ ಗುಂಟ ಬಿರುಕು ಬಿದ್ದರೆ ಕಾರಣ ಎರಡಿರಬಹುದು. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳಿರಬಹುದು, ಅದು ಕವರ್ ದೋಷ. ಇಲ್ಲವೇ ಗಿಡ್ಡ ಲ್ಯಾಪ್ ಭಾರ ತಡೆಯದೆ ಸೀಳಿರಬಹುದು. ಎರಡೂ ಒಂದೇ ಥರ ಕಾಣುತ್ತವೆ, ಆದರೆ ಗುರುತಿಸಬಹುದು. ತುಕ್ಕಿನ ಬಿರುಕು ನಿಧಾನ, ವರ್ಷಗಟ್ಟಲೆ ಆದ ಮೇಲೆ ಬರುತ್ತದೆ, ಕಂದು ಕಲೆ ಇರುತ್ತದೆ, ಕಂಬಿ ಹೋದಷ್ಟು ದೂರ ಹೋಗುತ್ತದೆ. ಲ್ಯಾಪಿನ ಬಿರುಕು ಭಾರ ಬಿದ್ದ ಕೆಲ ಕಾಲದಲ್ಲೇ ಬರುತ್ತದೆ, ಕಲೆ ಇರುವುದಿಲ್ಲ, ಎರಡು ಮೂರು ಅಡಿಯಲ್ಲಿ ನಿಲ್ಲುತ್ತದೆ, ಜೊತೆಗೆ ಲ್ಯಾಪಿನ ತುದಿಯಲ್ಲಿ ಬೀಮಿಗೆ ಅಡ್ಡಲಾಗಿ ಇನ್ನೊಂದು ಬಿರುಕು ಕಾಣಬಹುದು. ಈ ಎರಡನೆಯದು ಕಂಡರೆ ಮೊದಲು ಕೆಳಗೆ ಜಾಕಿ ಕೊಟ್ಟು ಆಮೇಲೆ ಮಾತು.

ಬಾಲ್ಕನಿ ಬೀಮಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದೆ. ಗಟ್ಟಿ ಕಡೆ ಟಣ್ ಅನ್ನುತ್ತದೆ, ಒಳಗೆ ಬಿಟ್ಟಿರುವ ಕಡೆ ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಅಂಗೈ ಅಗಲ ಕೆತ್ತಿಸಿದಾಗ ರಿಂಗಿನ ಕವರ್ 12 ಮಿ.ಮೀ. ಸಿಕ್ಕಿತು. ಒಡೆದ ಹೊಸ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆ. ಆರೋಗ್ಯವಾಗಿರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ರಿಂಗಿನ ಹಿಂದಿನವರೆಗೂ ಬಣ್ಣ ಬರಲಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಅಲ್ಲಿಯವರೆಗೆ ನುಗ್ಗಿ, ಕಂಬಿಯನ್ನು ಕಾಪಾಡುವ ಕ್ಷಾರ ಗುಣ ಕಳೆದಿದೆ ಅಂತ ಅರ್ಥ.

ಮಳೆ ಬೀಳದ ಒಳಗಿನ ಬೀಮಿಗೆ ನಿಯಮದ ಕನಿಷ್ಠ ಕವರ್ 20, ಮಳೆಗೆ ಒಡ್ಡಿದ್ದಕ್ಕೆ 30, ಕರಾವಳಿಯ ಉಪ್ಪುಗಾಳಿ ನೇರ ಬಡಿಯುವ ಕಡೆ 45. ಈ ಬೀಮಿಗೆ 30 ಬೇಕಿತ್ತು. ಕವರಿಂಗ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದರು, ಕೆತ್ತುವಾಗ ಒಂದು ಚೂರು ಕೈಗೇ ಬಂತು. ಜಲ್ಲಿ ಚೂರು ಕಂಬಿ ಕೆಳಗೆ ನಿಲ್ಲುವುದಿಲ್ಲ, ತುಳಿದಾಗ ಜಾರುತ್ತದೆ.

ರಿಪೇರಿಗೆ ಜಾಕಿ ಕೊಟ್ಟು, ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂದೆ ಬೆರಳು ತೂರುವಷ್ಟು ತೆಗೆದು, ತುಕ್ಕು ಉಜ್ಜಿ, ತುಕ್ಕು ತಡೆಯುವ ಕೋಟ್ ಬಳಿದು, ಪಾಲಿಮರ್ ಗಾರೆಯನ್ನು ಪದರ ಪದರವಾಗಿ ತುಂಬಿಸಿದೆವು. ಸಿಮೆಂಟ್ ಹಾಲು ಬಳಿದು ಪ್ಲಾಸ್ಟರ್ ಮಾಡಿದರೆ ಎರಡು ಮಳೆಗಾಲದಲ್ಲಿ ಗೆರೆ ಮತ್ತೆ ಮೂಡುತ್ತದೆ.

ಹೊಸ ಮಹಡಿಯ ಬೀಮುಗಳಲ್ಲಿ ಲ್ಯಾಪ್ ಎಲ್ಲಿ ಬರುತ್ತದೆ ಅನ್ನುವುದನ್ನು ಸೆಂಟ್ರಿಂಗ್ ಮೇಲೆಯೇ ನೋಡಿಕೊಂಡೆವು. ಕೆಳಗಿನ ಕಂಬಿಗೆ ಎಳೆತ ಜಾಸ್ತಿ ಬೀಮಿನ ನಟ್ಟನಡುವೆ, ಹಾಗಾಗಿ ಅಲ್ಲಿ ಜೋಡಿಸಬಾರದು. ಮೇಲಿನ ಕಂಬಿಗೆ ಎಳೆತ ಜಾಸ್ತಿ ಪಿಲ್ಲರ್ ಹತ್ತಿರ, ಹಾಗಾಗಿ ಅದನ್ನು ನಡುವೆ ಜೋಡಿಸಬಹುದು. ಪಕ್ಕದ ಕಂಬಿಯ ಲ್ಯಾಪ್ ಅದೇ ಜಾಗದಲ್ಲಿ ಬರದಂತೆ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಲ್ಯಾಪ್ ಉದ್ದದ 1.3 ಪಟ್ಟು ದೂರ ಇಟ್ಟೆವು. 12 ಮತ್ತು 16 ಸೇರಿಸಿ ಜೋಡಿಸುವ ಕಡೆ ಲೆಕ್ಕ ಚಿಕ್ಕ ಕಂಬಿಯ ಮೇಲೆ.

ಮನೆಯವರು ಈ ಸಲವೂ ಮೇಲೆ ಕಂಬಿ ಬಿಡಿ ಅಂದರು, ಮಗನಿಗೆ ಇನ್ನೊಂದು ಮಹಡಿ ಬೇಕಾಗಬಹುದಂತೆ. ಪಾಯದ ಲೆಕ್ಕ ಅದನ್ನು ಒಪ್ಪಿತು. 950 ಮಿ.ಮೀ. ಬಿಟ್ಟೆವು, ಸ್ಲ್ಯಾಬಿನ ಮೇಲೆ ಎರಡು ರಿಂಗು ಕಟ್ಟಿ ಜಾಗ ಬಿಡದಂತೆ ಬಿಗಿದೆವು, ಕಾಂಕ್ರೀಟ್ ಮುಗಿದ ಮೇಲೆ ಕಂಬಿಗೆ ಸಿಮೆಂಟ್ ಹಾಲು ಬಳಿದು ಸುತ್ತ ಬಡ ಕಾಂಕ್ರೀಟ್ ತುಂಬಿ ಮುಚ್ಚಿದೆವು. ಬೇಕಾದ ದಿನ ಸುತ್ತಿಗೆಯಲ್ಲಿ ತಟ್ಟಿದರೆ ಬಿಡುತ್ತದೆ.